ಬ್ಯಾಂಡ್ ಹಾಕಿಸಿಕೊಂಡ ಮೇಲಿನ ಎರಡು ವಾರ

ಮೂಲವ್ಯಾಧಿಗೆ ರಬ್ಬರ್ ಬ್ಯಾಂಡ್ ಹಾಕಿಸಿಕೊಂಡು ಮನೆಗೆ ಹೋದವರಿಗೆ ಮತ್ತು ಅವರನ್ನು ನೋಡಿಕೊಳ್ಳುವ ಮನೆಯವರಿಗೆ ಇವತ್ತಿನ ಮಾತು. ಚಿಕಿತ್ಸೆ ನಡೆಯುವುದು ಕೆಲವೇ ನಿಮಿಷ. ಅರಿವಳಿಕೆ ಬೇಕಿಲ್ಲ, ಕತ್ತರಿ ಇಲ್ಲ, ಹೊಲಿಗೆ ಇಲ್ಲ. ರೋಗಿ ನಡೆದುಕೊಂಡೇ ಹೊರಗೆ ಬರುತ್ತಾರೆ. ಆದರೆ ಒಳಗಿನ ಕೆಲಸ ಆಗ ತಾನೇ ಶುರುವಾಗಿರುತ್ತದೆ, ಮತ್ತು ಅದು ಮುಗಿಯುವುದು ಆಸ್ಪತ್ರೆಯಲ್ಲಲ್ಲ, ನಿಮ್ಮ ಮನೆಯಲ್ಲಿ. ಹಾಗಾಗಿ ಯಾವ ನೋವಿಗೆ ಸುಮ್ಮನಿರಬಹುದು, ಎಷ್ಟು ರಕ್ತ ಕಂಡರೆ ಎದ್ದು ಹೊರಡಬೇಕು ಎನ್ನುವುದನ್ನು ಮನೆಯವರೇ ತಿಳಿದಿರಬೇಕು.

ಈ ವಿಧಾನ ಹೊಸದೇನಲ್ಲ. ಅಮೆರಿಕದಲ್ಲಿ 1958ರಲ್ಲಿ ಬ್ಲೇಸ್ಡೆಲ್ ಎಂಬ ವೈದ್ಯರು ಮೊಳೆಯ ಬುಡಕ್ಕೆ ಕಟ್ಟುಹಾಕಿ ಉದುರಿಸುವ ಕ್ರಮವನ್ನು ಬರೆದಿಟ್ಟರು. 1963ರಲ್ಲಿ ಬ್ಯಾರನ್ ಎಂಬವರು ಅದಕ್ಕೆ ರಬ್ಬರ್ ಬಳೆಯನ್ನು ಬಳಸಿ, ಹೊರರೋಗಿ ವಿಭಾಗದಲ್ಲೇ ಮಾಡಿ ತೋರಿಸಿದರು. ಇಂದಿಗೂ ಒಳಮೂಲವ್ಯಾಧಿಯ ಮೊದಲ ಮತ್ತು ಎರಡನೆಯ ಹಂತಕ್ಕೆ, ಮೂರನೆಯ ಹಂತದ ಕೆಲವರಿಗೆ ಮಾಡುವುದು ಹೆಚ್ಚುಕಡಿಮೆ ಇದನ್ನೇ. ಸಣ್ಣ ಕೊಳವೆಯಂಥ ಸಾಧನವನ್ನು ಗುದದ್ವಾರದ ಒಳಗಿಟ್ಟು, ಉಬ್ಬಿದ ಮೊಳೆಯನ್ನು ಎಳೆದು ಹಿಡಿದು, ಅದರ ಬುಡಕ್ಕೆ ಬಿಗಿಯಾದ ಪುಟ್ಟ ರಬ್ಬರ್ ಬಳೆಯನ್ನು ತೊಡಿಸುತ್ತಾರೆ. ರಕ್ತ ಹರಿಯುವುದು ನಿಂತುಹೋಗಿ ಮೊಳೆ ಸಾಯುತ್ತದೆ, ಕಪ್ಪಾಗುತ್ತದೆ, ಐದರಿಂದ ಹತ್ತು ದಿನದೊಳಗೆ ಬಳೆಯ ಸಮೇತ ಉದುರಿ ಮಲದ ಜೊತೆ ಹೋಗುತ್ತದೆ. ಹೆತ್ತ ಮನೆಯಲ್ಲಿ ಕೂಸಿನ ಹೊಕ್ಕುಳಬಳ್ಳಿ ಒಣಗಿ ಉದುರುವುದನ್ನು ಕಂಡವರಿಗೆ ಈ ಕ್ರಮ ಅರ್ಥವಾಗುತ್ತದೆ. ಉದುರಿದ ಜಾಗದಲ್ಲಿ ಸಣ್ಣ ಹುಣ್ಣು ಉಳಿಯುತ್ತದೆ. ಅದು ಮಾಯಲು ಇನ್ನೂ ಎರಡು ಮೂರು ವಾರ ಬೇಕು.

ಇಷ್ಟು ತಿಳಿದರೆ ಮುಂದಿನದನ್ನು ಊಹಿಸುವುದು ಸುಲಭ. ಬಳೆ ತೊಡಿಸಿದ ಮೊದಲ ಮೂರು ದಿನ ಒತ್ತುವ ಕಾಲ, ಒಂದು ವಾರದ ಆಚೀಚೆ ಉದುರುವ ಕಾಲ. ಇವೆರಡರಲ್ಲೂ ಏನಾದರೂ ಕಾಣಿಸಿಕೊಳ್ಳುತ್ತದೆ.

ಒಬ್ಬರನ್ನು ಕಣ್ಣ ಮುಂದೆ ಇಟ್ಟುಕೊಳ್ಳೋಣ. ಬುಕ್ಕಸಾಗರದಲ್ಲಿ ಬಾಳೆ ತೋಟ ಇರುವ, ನಲವತ್ತೈದರ ಆಸುಪಾಸಿನ ಗೃಹಸ್ಥರು. ಇವರು ಯಾರೋ ಒಬ್ಬ ರೋಗಿಯಲ್ಲ, ಹಲವರಿಗೆ ಆಗುವುದನ್ನು ಒಬ್ಬರ ಮೇಲಿಟ್ಟು ಹೇಳುತ್ತಿದ್ದೇನೆ. ಸೋಮವಾರ ಬೆಳಿಗ್ಗೆ ಹೊಸಪೇಟೆಗೆ ಬಂದು ಎರಡು ಮೊಳೆಗಳಿಗೆ ಬ್ಯಾಂಡ್ ಹಾಕಿಸಿಕೊಂಡರು. ಕಮಲಾಪುರದ ದಾರಿಯಲ್ಲಿ ಬಸ್ಸಿನಲ್ಲಿ ಕೂತು ಊರಿಗೆ ಹೋಗುವಷ್ಟರಲ್ಲಿ ಅವರಿಗೆ ಸಂಡಾಸಿಗೆ ಹೋಗಲೇಬೇಕು ಎನ್ನಿಸತೊಡಗಿತು. ಮನೆ ಮುಟ್ಟಿದೊಡನೆ ಹೋಗಿ ಕೂತರು. ಏನೂ ಬರಲಿಲ್ಲ. ಮುಕ್ಕಿದರು. ಆಗಲೂ ಬರಲಿಲ್ಲ.

ಅಲ್ಲಿರುವುದು ಮಲವಲ್ಲ, ಬಳೆ ಹಿಡಿದು ಗಂಟಾದ ಮಾಂಸ. ಗುದನಾಳಕ್ಕೆ ಅದೂ ಇದೂ ಬೇರೆ ಎಂದು ತಿಳಿಯುವುದಿಲ್ಲ, ಒಳಗೆ ಏನೋ ತುಂಬಿದೆ, ಹೊರಗೆ ಹಾಕಬೇಕು ಎಂದಷ್ಟೇ ಅದು ಹೇಳುತ್ತದೆ. ಭಾರ, ಒತ್ತಡ, ಆಗಾಗ ಬರುವ ಮಂದ ನೋವು, ಸೊಂಟದ ಕೆಳಗೆ ಎಳೆದಂತಾಗುವುದು, ಇವೆಲ್ಲ ಮೊದಲ ಒಂದೆರಡು ದಿನ, ಕೆಲವರಿಗೆ ಮೂರು ದಿನ ಇರುವಂಥವು. ಇದಕ್ಕೆ ಹೆದರಬೇಕಿಲ್ಲ. ಆದರೆ ಮುಕ್ಕಬಾರದು. ಮುಕ್ಕಿದರೆ ಬಳೆ ಜಾರಬಹುದು, ಪಕ್ಕದ ಮೊಳೆಗಳು ಊದಿಕೊಳ್ಳಬಹುದು. ಅನಿಸಿದಾಗಲೆಲ್ಲ ಹೋಗಿ ಕೂರುವುದನ್ನು ಬಿಟ್ಟು ಸ್ವಲ್ಪ ಹೊತ್ತು ಮಗ್ಗುಲಾಗಿ ಮಲಗಬೇಕು. ಅಗಲವಾದ ಟಬ್ಬಿನಲ್ಲಿ ಬೆಚ್ಚನೆಯ ನೀರು ಹಾಕಿಕೊಂಡು, ದಿನಕ್ಕೆ ಎರಡು ಮೂರು ಸಲ, ಹತ್ತು ಹದಿನೈದು ನಿಮಿಷ ಕೂತರೆ ಬಿಗಿದ ಸ್ನಾಯು ಸಡಿಲಾಗುತ್ತದೆ. ನೀರು ಕೈಗೆ ಹಿತವಾಗುವಷ್ಟು ಬೆಚ್ಚಗಿದ್ದರೆ ಸಾಕು, ಉಪ್ಪು, ಸುಣ್ಣ, ಔಷಧಿ ಏನನ್ನೂ ಬೆರೆಸಬೇಕಿಲ್ಲ.

ನೋವಿಗೆ ಪ್ಯಾರಾಸಿಟಮಾಲ್ ಸಾಕು. 650 ಮಿಲಿಗ್ರಾಂ ಮಾತ್ರೆಯಾದರೆ ಆರು ಗಂಟೆಗೊಂದು, ದಿನಕ್ಕೆ ನಾಲ್ಕು ಮೀರಬಾರದು. ಯಕೃತ್ತಿನ ಕಾಯಿಲೆ ಇರುವವರು ಮತ್ತು ದಿನವೂ ಕುಡಿಯುವವರು ಇದನ್ನೂ ಕೇಳಿಯೇ ತೆಗೆದುಕೊಳ್ಳಬೇಕು. ಮೈಕೈ ನೋವಿಗೆಂದು ಅಂಗಡಿಯಲ್ಲಿ ಕೊಡುವ ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಈ ಎರಡು ವಾರ ಬೇಡ. ಇವು ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನು ತಗ್ಗಿಸುತ್ತವೆ. ಇಂದು ನುಂಗಿದ್ದಕ್ಕೆ ಇಂದೇ ರಕ್ತ ಬರದಿರಬಹುದು, ಆದರೆ ಮೊಳೆ ಉದುರುವ ದಿನ ಸೋರಿಕೆ ನಿಲ್ಲುವುದು ಕಷ್ಟವಾಗುತ್ತದೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಆಸ್ಪಿರಿನ್, ಕ್ಲೊಪಿಡೊಗ್ರೆಲ್, ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿರುವವರ ವಿಷಯ ಬೇರೆ. ಅವರು ತಾವಾಗಿಯೇ ಮಾತ್ರೆ ನಿಲ್ಲಿಸಬಾರದು, ನಿಲ್ಲಿಸಿದರೆ ಹೃದಯಕ್ಕೇ ಅಪಾಯ. ಬ್ಯಾಂಡ್ ಹಾಕಿಸಿಕೊಳ್ಳುವ ಮೊದಲೇ ಸರ್ಜನ್‌ಗೆ ಮಾತ್ರೆಯ ಚೀಟಿ ತೋರಿಸಿದ್ದರೆ ಈ ಗೊಂದಲ ಬರುವುದಿಲ್ಲ.

ಇನ್ನೊಂದು ಬಗೆಯ ನೋವಿದೆ, ಅದು ಬ್ಯಾಂಡ್ ಹಾಕಿದ ಗಳಿಗೆಯಲ್ಲೇ ಅಥವಾ ಕೆಲವು ನಿಮಿಷಗಳಲ್ಲೇ ಬರುತ್ತದೆ. ಗುದದ್ವಾರದ ಒಳಗೆ ಸ್ವಲ್ಪ ಮೇಲೆ ಒಂದು ಗೆರೆ ಇದೆ. ಆ ಗೆರೆಯ ಮೇಲೆ ಕತ್ತರಿಸಿದರೂ ಚುಚ್ಚಿದರೂ ಚರ್ಮಕ್ಕೆ ಆಗುವಂಥ ನೋವು ತಿಳಿಯದು. ಗೆರೆಯ ಕೆಳಗೆ ಮುಖದ ಚರ್ಮದಷ್ಟೇ ಚುರುಕು. ಬಳೆಯನ್ನು ಗೆರೆಗಿಂತ ಸಾಕಷ್ಟು ಮೇಲೆ ತೊಡಿಸಬೇಕಾದದ್ದು ಇದಕ್ಕೇ. ಎಲ್ಲೋ ಸ್ವಲ್ಪ ಕೆಳಗಾಗಿ ಚರ್ಮ ಸಿಕ್ಕಿಕೊಂಡರೆ ಚಾಕುವಿನಿಂದ ಇರಿದಂಥ ನೋವು ಬರುತ್ತದೆ, ಕೂರಲಾಗದು, ನಿಲ್ಲಲಾಗದು, ಬೆವರು ಕಿತ್ತುಬರುತ್ತದೆ. ಇಂಥ ನೋವನ್ನು ಹಲ್ಲುಕಚ್ಚಿ ತಡೆದುಕೊಂಡು ಬಸ್ ಹತ್ತಬೇಡಿ. ಅಲ್ಲೇ ಹೇಳಿ. ಆ ಬಳೆಯನ್ನು ಆಗಲೇ ಕತ್ತರಿಸಿ ತೆಗೆದು ಮೇಲೆ ಹಾಕಬಹುದು. ಮರುದಿನವಾದರೆ ಸುತ್ತ ಊತ ಬಂದು ಬಳೆ ಕಾಣಿಸುವುದೇ ಕಷ್ಟ, ತೆಗೆಯುವುದು ಇನ್ನೂ ಕಷ್ಟ. ಬ್ಯಾಂಡ್ ಹಾಕಿದ ಮೇಲೆ ಅರ್ಧ ಗಂಟೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದು ಹೋಗಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಕೆಲವರಿಗೆ ಆಗ ತಲೆ ತಿರುಗಿ ಕಣ್ಣು ಕತ್ತಲೆ ಬರುವುದೂ ಉಂಟು, ಮಲಗಿಸಿ ಕಾಲು ಎತ್ತರಿಸಿದರೆ ಸರಿಹೋಗುತ್ತದೆ. ಸಂಡೂರಿನ ಘಾಟಿನಲ್ಲಿ ಬೈಕಿನ ಮೇಲೆ ಹೋಗುವಾಗ ಹಾಗಾದರೆ ಏನು ಗತಿ? ಬರುವಾಗಲೇ ಜೊತೆಗೊಬ್ಬರನ್ನು ಕರೆತನ್ನಿ.

ನಮ್ಮ ಬುಕ್ಕಸಾಗರದವರಿಗೆ ಅಂಥ ನೋವಿರಲಿಲ್ಲ. ಮಂಗಳವಾರ ಬೆಳಿಗ್ಗೆ ಸಂಡಾಸಿಗೆ ಹೋದಾಗ ನಾಲ್ಕಾರು ಹನಿ ಕೆಂಪು ರಕ್ತ ಬಿತ್ತು. ಒಳಉಡುಪಿನಲ್ಲಿ ರೂಪಾಯಿ ಅಗಲದ ಕಲೆ ಇತ್ತು. ಅವರ ಮನೆಯವರು ಫೋನ್ ಮಾಡಿದರು: “ಡಾಕ್ಟ್ರೇ, ಇವರಿಗೆ ರಕ್ತ ಬಂದೈತ್ರಿ.” ನಾನು ಕೇಳುವ ಪ್ರಶ್ನೆಗಳು ಇವು. ಹನಿಯೋ, ಧಾರೆಯೋ? ಮಲದ ಜೊತೆ ಮಾತ್ರವೋ, ಸುಮ್ಮನೆ ಕೂತಾಗಲೂ ಬರುತ್ತಿದೆಯೋ? ಗಡ್ಡೆ ಗಡ್ಡೆಯಾಗಿ ಬಿತ್ತೋ? “ಹನಿ ಅಷ್ಟೇ ರೀ, ತೊಳಕೊಂಡ ಮ್ಯಾಲೆ ನಿಂತೈತಿ” ಎಂದರೆ ನನಗೆ ಸಮಾಧಾನ. ಅಷ್ಟು ರಕ್ತ ಮೊದಲ ದಿನಗಳಲ್ಲಿ ಸಹಜ. ಜೊತೆಗೆ ಸ್ವಲ್ಪ ಲೋಳೆಯೂ ಬರಬಹುದು. ಒಳಗೆ ತೆಳ್ಳನೆಯ ಹತ್ತಿಬಟ್ಟೆ ಮಡಚಿಟ್ಟುಕೊಂಡರೆ ಎಷ್ಟು ಹೋಗುತ್ತಿದೆ ಎಂದು ಕಣ್ಣಿಗೆ ಕಾಣುತ್ತದೆ.

ಇನ್ನು ಊತ. ಬುಧವಾರ ತೊಳೆದುಕೊಳ್ಳುವಾಗ ಅವರ ಬೆರಳಿಗೆ ದ್ವಾರದ ಅಂಚಿನಲ್ಲಿ ದ್ರಾಕ್ಷಿ ಗಾತ್ರದ ಒಂದು ಗಂಟು ತಗುಲಿತು. ಮುಟ್ಟಿದರೆ ನೋವು, ಗಟ್ಟಿ, ನೋಡಿದವರು ನೀಲಿ ಬಣ್ಣ ಎಂದರು. ಬ್ಯಾಂಡ್ ಹಾಕಿದ ಮೊಳೆಯೇ ಹೊರಬಂತು ಎಂದು ಮನೆಯವರು ಗಾಬರಿಯಾದರು. ಅದು ಬೇರೆಯೇ ಸಂಗತಿ. ಒಳಗೆ ಕಟ್ಟು ಬಿದ್ದಾಗ ಅದರ ಕೆಳಗಿನ, ಹೊರಗಿನ ಸಿರೆಗಳಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು. ನೂರರಲ್ಲಿ ಕೆಲವರಿಗೆ ಹೀಗಾಗುತ್ತದೆ. ಮೊದಲ ಎರಡು ಮೂರು ದಿನ ನೋವು ಹೆಚ್ಚು, ಆಮೇಲೆ ತಾನಾಗಿ ಇಳಿಯುತ್ತದೆ, ಗಂಟು ಕರಗಲು ಒಂದೆರಡು ವಾರ ಹಿಡಿಯುತ್ತದೆ. ಬಿಸಿನೀರಿನ ಟಬ್ಬು, ಪ್ಯಾರಾಸಿಟಮಾಲ್, ಮೆತ್ತಗಿನ ಮಲ, ಹೆಚ್ಚಿನವರಿಗೆ ಇಷ್ಟೇ ಚಿಕಿತ್ಸೆ. ನೋವು ತಡೆಯಲಾಗದಿದ್ದರೆ ಮೂರು ದಿನದೊಳಗೆ ಬಂದರೆ ಅದನ್ನು ಬಿಡಿಸಿ ಹೆಪ್ಪು ತೆಗೆಯುವ ದಾರಿ ಇದೆ. ಮನೆಯಲ್ಲಿ ಸೂಜಿ ಚುಚ್ಚುವುದು, ಒತ್ತಿ ಒಳಗೆ ತಳ್ಳುವುದು, ಸಂತೆಯಲ್ಲಿ ಸಿಗುವ ಸುಡುವ ಮುಲಾಮು ಹಚ್ಚುವುದು, ಇವು ಯಾವುವೂ ಬೇಡ.

ಒಂದು ಗಂಟಲ್ಲ, ದ್ವಾರದ ಸುತ್ತ ಬಳಸಿಕೊಂಡು ಊದಿ ಒಳಗೆ ಹೋಗದೆ ನಿಂತಿದ್ದರೆ ಅದೇ ದಿನ ತೋರಿಸಿ. ಊತ ದ್ವಾರವನ್ನು ದಾಟಿ ಪೃಷ್ಠದ ಕಡೆಗೋ, ಗಂಡಸರಲ್ಲಿ ವೃಷಣದ ಚೀಲದ ಕಡೆಗೋ ಹರಡುತ್ತಿದ್ದರೆ, ಚರ್ಮ ಕೆಂಪಾಗಿ ಬಿಸಿಯಾಗಿದ್ದರೆ, ಕಪ್ಪು ಮಚ್ಚೆ ಕಂಡರೆ, ಅದು ಸೋಂಕು. ಬೆಳಗಾಗಲಿ ಎನ್ನುವ ಮಾತೇ ಇಲ್ಲ.

ಸೋಂಕಿನ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಇದು ತೀರ ಅಪರೂಪ. ನಮ್ಮಲ್ಲಿ ಅನೇಕ ಸರ್ಜನ್‌ಗಳು ಇಡೀ ವೃತ್ತಿಯಲ್ಲಿ ಒಂದನ್ನೂ ಕಂಡಿರಲಿಕ್ಕಿಲ್ಲ. ಆದರೆ 1980ರ ದಶಕದಲ್ಲಿ ವೈದ್ಯಕೀಯ ಪತ್ರಿಕೆಗಳಲ್ಲಿ ಬ್ಯಾಂಡ್ ಹಾಕಿದ ನಂತರದ ಸಾವುಗಳ ವರದಿ ಬಂದಾಗ, ಆ ರೋಗಿಗಳ ಕಥೆಗಳಲ್ಲಿ ಮೂರು ಲಕ್ಷಣಗಳು ಮತ್ತೆ ಮತ್ತೆ ಕಾಣಿಸಿಕೊಂಡವು. ಹೆಚ್ಚುತ್ತ ಹೋಗುವ ನೋವು, ಜ್ವರ, ಮೂತ್ರ ಕಟ್ಟುವುದು. ಬಳೆ ಹಿಡಿದ ಮಾಂಸ ಸಾಯುವಾಗ ಅಲ್ಲಿನ ಗೋಡೆ ದುರ್ಬಲವಾಗುತ್ತದೆ. ಮಲದಲ್ಲಿರುವ ಸೂಕ್ಷ್ಮಾಣುಗಳು ಅದನ್ನು ದಾಟಿ ಸೊಂಟದ ಕುಳಿಗೆ ಇಳಿದರೆ ಅಲ್ಲಿ ಉರಿಯೂತ ಹಬ್ಬುತ್ತದೆ. ಮೂತ್ರಕೋಶ ಪಕ್ಕದಲ್ಲೇ ಇರುವುದರಿಂದ ಅದು ಕೆಲಸ ನಿಲ್ಲಿಸುತ್ತದೆ. ಇದು ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಎರಡನೆಯ ದಿನದಿಂದ ಐದನೆಯ ದಿನದೊಳಗೆ, ಹೊರಗೆ ನೋಡಿದರೆ ಏನೂ ಗೊತ್ತಾಗದಿರಬಹುದು.

ಹಾಗಾಗಿ ನೋವು ಎಷ್ಟಿದೆ ಎನ್ನುವುದಕ್ಕಿಂತ ಯಾವ ಕಡೆಗೆ ಸಾಗುತ್ತಿದೆ ಎನ್ನುವುದನ್ನು ಗಮನಿಸಿ. ಸೋಮವಾರಕ್ಕಿಂತ ಮಂಗಳವಾರ ಕಡಿಮೆ, ಮಂಗಳವಾರಕ್ಕಿಂತ ಬುಧವಾರ ಕಡಿಮೆ ಎಂದಾದರೆ ಸರಿಯಾದ ದಾರಿಯಲ್ಲಿದೆ. ಇಳಿದಿದ್ದ ನೋವು ಗುರುವಾರ ಮತ್ತೆ ಏರಿತು, ಮಾತ್ರೆಗೆ ಬಗ್ಗುತ್ತಿಲ್ಲ, ಜೊತೆಗೆ ಚಳಿ ಬಂತು, ಥರ್ಮಾಮೀಟರಿನಲ್ಲಿ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚು ತೋರಿಸಿತು ಎಂದರೆ ಆ ಹೊತ್ತಿಗೇ ಫೋನ್ ಮಾಡಿ, ಹೊರಡಿ. ಮೂತ್ರ ಬರುತ್ತಿಲ್ಲ, ಕಿಬ್ಬೊಟ್ಟೆ ಬಿಗಿದಿದೆ ಎಂದರೂ ಅಷ್ಟೇ. ಮೊದಲ ರಾತ್ರಿ ಬರೀ ನೋವಿನ ಸೆಳೆತಕ್ಕೇ ಕೆಲವರಿಗೆ, ಅದರಲ್ಲೂ ಪ್ರಾಸ್ಟೇಟ್ ದೊಡ್ಡದಾಗಿರುವ ಹಿರಿಯರಿಗೆ, ಮೂತ್ರ ಕಟ್ಟಬಹುದು. ಬೆಚ್ಚನೆಯ ನೀರಿನ ಟಬ್ಬಿನಲ್ಲಿ ಕೂತು ಅಲ್ಲೇ ಹೊಯ್ಯಲು ಪ್ರಯತ್ನಿಸಿದರೆ ಎಷ್ಟೋ ಜನಕ್ಕೆ ಬಿಡುಗಡೆಯಾಗುತ್ತದೆ. ಆರೆಂಟು ಗಂಟೆಯಾದರೂ ಆಗದಿದ್ದರೆ ನಳಿಕೆ ಹಾಕಿ ತೆಗೆಯಬೇಕು. ಆದರೆ ಮೂರನೆಯ ದಿನ ಹೊಸದಾಗಿ ಮೂತ್ರ ಕಟ್ಟಿದರೆ ಅದನ್ನು ಬರೀ ಮೂತ್ರದ ತೊಂದರೆ ಎಂದುಕೊಂಡು ನಳಿಕೆ ಹಾಕಿಸಿಕೊಂಡು ಮನೆಗೆ ಹೋಗಬಾರದು. ಬೇರೆ ಡಾಕ್ಟರ ಹತ್ತಿರ ಹೋದರೆ “ಇಂಥ ದಿನ ಬ್ಯಾಂಡ್ ಹಾಕಿಸಿಕೊಂಡಿದ್ದೇನೆ” ಎಂದು ಮೊದಲ ಮಾತಿನಲ್ಲೇ ಹೇಳಿ. ನಾಚಿಕೆಯಿಂದ ಆ ಒಂದು ಮಾತು ಮುಚ್ಚಿಟ್ಟರೆ ಜ್ವರಕ್ಕೆ ಮಾತ್ರ ಚಿಕಿತ್ಸೆ ನಡೆದು ಅಮೂಲ್ಯವಾದ ಗಂಟೆಗಳು ಕಳೆದುಹೋಗುತ್ತವೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರು, ಸ್ಟೀರಾಯ್ಡ್ ತೆಗೆದುಕೊಳ್ಳುವವರು, ರೋಗನಿರೋಧಕ ಶಕ್ತಿ ಕುಗ್ಗಿದವರು ಇನ್ನೂ ಬೇಗ ಎಚ್ಚೆತ್ತುಕೊಳ್ಳಬೇಕು. ಇಂಥವರಲ್ಲಿ ಕೆಲವರಿಗೆ ಬ್ಯಾಂಡ್ ಹಾಕದಿರುವುದೇ ಒಳ್ಳೆಯದು.

ಬುಕ್ಕಸಾಗರದವರ ಕಥೆಗೆ ಬರೋಣ. ಶುಕ್ರವಾರದ ಹೊತ್ತಿಗೆ ಅವರಿಗೆ ನೋವಿಲ್ಲ. ಗಂಟೂ ಮೆತ್ತಗಾಗಿದೆ. ತೋಟಕ್ಕೆ ಹೋದರು. ಭಾನುವಾರ ಬಾಳೆಗೊನೆ ಲೋಡ್ ಮಾಡುವ ಆಳುಗಳು ಕಡಿಮೆ ಬಿದ್ದರು, ತಾವೂ ಗೊನೆ ಹೊತ್ತರು. ಸಂಜೆ ಹೊಸಪೇಟೆಗೆ ಬಂದು ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ತಿಂದರು. ಮಂಗಳವಾರ, ಅಂದರೆ ಎಂಟನೆಯ ದಿನ, ಗಟ್ಟಿ ಮಲ, ಮುಕ್ಕಿದರು. ಮೊದಲ ದಿನಕ್ಕಿಂತ ಹೆಚ್ಚು ರಕ್ತ ಬಂತು.

ಎಷ್ಟೋ ಜನ ಈ ದಿನಕ್ಕೆ ಸಿದ್ಧರಾಗಿರುವುದಿಲ್ಲ. ವಾಸಿಯಾಯಿತು ಎಂದುಕೊಂಡ ಮೇಲೆ ಬರುವ ರಕ್ತ ಹೆಚ್ಚು ಹೆದರಿಸುತ್ತದೆ. ಐದನೆಯ ದಿನದಿಂದ ಹದಿನಾಲ್ಕನೆಯ ದಿನದವರೆಗೆ, ಮೊಳೆ ಉದುರುವಾಗ, ಎರಡು ಮೂರು ಸಲ ಮಲದ ಜೊತೆ ರಕ್ತ ಬರುವುದು ನಿರೀಕ್ಷಿಸಿದ್ದೇ. ಒಂದೆರಡು ಚಮಚದಷ್ಟು ಬಂದು, ಎದ್ದ ಮೇಲೆ ನಿಂತರೆ, ಮರುದಿನ ಕಡಿಮೆಯಾದರೆ ಅದು ಹುಣ್ಣಿನ ಅಂಚಿನಿಂದ ಬಂದ ರಕ್ತ. ಕಪ್ಪು ಚೂರು, ಅದರ ಜೊತೆ ಪುಟ್ಟ ಬಳೆ ಕಾಣಿಸಬಹುದು. ಹೆಚ್ಚಿನವರಿಗೆ ಕಾಣಿಸುವುದೇ ಇಲ್ಲ, ಹುಡುಕುತ್ತ ಕೂರಬೇಕಿಲ್ಲ.

ನೂರರಲ್ಲಿ ಒಬ್ಬಿಬ್ಬರಿಗೆ ಹಾಗಲ್ಲ. ಹುಣ್ಣಿನ ತಳದಲ್ಲಿ ಒಂದು ಸಣ್ಣ ರಕ್ತನಾಳ ಬಾಯಿ ತೆರೆದಿರುತ್ತದೆ. ಆಗ ರಕ್ತ ಒಳಗೇ ಶೇಖರವಾಗಿ, ಸಂಡಾಸಿಗೆ ಬಂದಂತೆ ಅನಿಸಿ, ಹೋದರೆ ಮಲವಿಲ್ಲದೆ ಬರೀ ರಕ್ತ ಮತ್ತು ಹೆಪ್ಪುಗಡ್ಡೆ ಬೀಳುತ್ತದೆ. ಅರ್ಧ ಗಂಟೆಗೆ ಮತ್ತೆ ಹಾಗೇ. ಇದನ್ನು ಭೇದಿ ಎಂದುಕೊಂಡು ಕಾದವರಿದ್ದಾರೆ. ಹೀಗೆ ಎರಡನೆಯ ಸಲ ಆದಾಗಲೇ ಹೊರಡಬೇಕು. ಒಂದು ಚಹಾ ಲೋಟಕ್ಕಿಂತ ಹೆಚ್ಚು ಹೋಯಿತು ಅನಿಸಿದರೆ, ಮಡಚಿಟ್ಟ ಬಟ್ಟೆ ಗಂಟೆಯೊಳಗೆ ನೆನೆದರೆ, ಎದ್ದು ನಿಂತಾಗ ಕಣ್ಣು ಕತ್ತಲಾದರೆ, ಮೈ ತಣ್ಣಗಾಗಿ ಬೆವರಿದರೆ ಸರ್ಜನ್‌ಗೆ ಫೋನ್ ಸಿಗುವವರೆಗೂ ಕಾಯದೆ 108ಕ್ಕೆ ಕರೆ ಮಾಡಿ. ರೋಗಿಯನ್ನು ಮಗ್ಗುಲಾಗಿ ಮಲಗಿಸಿ, ಸಂಡಾಸಿನಲ್ಲಿ ಒಬ್ಬರೇ ಬಾಗಿಲು ಹಾಕಿಕೊಂಡು ಕೂರಲು ಬಿಡಬೇಡಿ, ಬಟ್ಟೆ ತುರುಕಬೇಡಿ, ಊಟ ಕೊಡಬೇಡಿ. ಆಸ್ಪತ್ರೆಯಲ್ಲಿ ಮಾಡುವ ಕೆಲಸ ಕಷ್ಟದ್ದಲ್ಲ. ಒಳಗೆ ದೀಪ ಹಾಕಿ ನೋಡಿ, ಸೋರುವ ಜಾಗಕ್ಕೆ ಔಷಧಿಯ ಬಟ್ಟೆ ಒತ್ತಿ ಹಿಡಿಯುತ್ತಾರೆ, ಇಂಜೆಕ್ಷನ್ ಕೊಡುತ್ತಾರೆ ಅಥವಾ ಒಂದು ಹೊಲಿಗೆ ಹಾಕುತ್ತಾರೆ. ಹೋದ ರಕ್ತವನ್ನು ತುಂಬಬೇಕಾದರೆ ಮಾತ್ರ ದೊಡ್ಡ ಆಸ್ಪತ್ರೆ ಬೇಕು. ಹೊಸಪೇಟೆಯಿಂದ ಬಳ್ಳಾರಿಗೆ 60 ಕಿಲೋಮೀಟರ್‌ಗೂ ಹೆಚ್ಚು ದಾರಿ ಎನ್ನುವುದನ್ನು ನೆನಪಿಟ್ಟು ಬೇಗ ಹೊರಡಿ.

ದೂರದ ವಿಷಯ ಬಂದದ್ದರಿಂದ ಇನ್ನೊಂದು ಮಾತು. ಬ್ಯಾಂಡ್ ಹಾಕಿಸಿಕೊಳ್ಳುವ ದಿನವನ್ನು ಮುಂದಿನ ಎರಡು ವಾರ ನೋಡಿಕೊಂಡು ಗೊತ್ತುಮಾಡಿ. ಹುಲಿಗಿ ಜಾತ್ರೆ, ಮಂತ್ರಾಲಯದ ಪ್ರಯಾಣ, ಮನೆಯ ಮದುವೆ, ನಾಟಿಯ ಕೆಲಸ ಎಂಟನೆಯ ದಿನಕ್ಕೆ ಬೀಳುವಂತಿದ್ದರೆ ಚಿಕಿತ್ಸೆಯನ್ನೇ ಮುಂದೂಡಿ, ಇದು ಅವಸರದ್ದಲ್ಲ. ಲಾರಿ ಓಡಿಸುವ ಸಂಡೂರಿನವರು ಆ ವಾರ ದೂರದ ಟ್ರಿಪ್ ಒಪ್ಪಬೇಡಿ. ಕಂಪ್ಲಿಯವರಲ್ಲಿ ಅನೇಕರು ಗಂಗಾವತಿಯ ಆಸ್ಪತ್ರೆಗೆ ಹೋಗುತ್ತಾರೆ. ತುಂಗಭದ್ರಾ ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿಯ ಸೇತುವೆ ಮುಳುಗುತ್ತದೆ. ಮಳೆಗಾಲದಲ್ಲಿ ಬ್ಯಾಂಡ್ ಹಾಕಿಸಿಕೊಂಡರೆ, ರಾತ್ರಿ ಹೊತ್ತು ಹೊಳೆ ದಾಟದೆ ಯಾವ ಆಸ್ಪತ್ರೆ ಮುಟ್ಟಬಹುದು ಎಂದು ಮೊದಲೇ ವಿಚಾರಿಸಿಡಿ.

ನಮ್ಮ ಗೃಹಸ್ಥರಿಗೆ ರಕ್ತ ಎರಡು ಚಮಚದಷ್ಟು ಬಂದು ನಿಂತಿತು. ಅವರಿಗೆ ಹೇಳಿದ್ದು ಇಷ್ಟೆ. ಹತ್ತು ದಿನ ಭಾರ ಎತ್ತಬೇಡಿ. ರಾತ್ರಿ ಊಟದ ನಂತರ ಎರಡು ಚಮಚ ಇಸಬಗೋಲನ್ನು ದೊಡ್ಡ ಲೋಟ ನೀರಿನಲ್ಲಿ ಕಲಸಿ ತಕ್ಷಣ ಕುಡಿಯಿರಿ, ಮೇಲೆ ಇನ್ನೊಂದು ಲೋಟ ನೀರು. ನೀರು ಕಡಿಮೆಯಾದರೆ ಅದೇ ಒಳಗೆ ಗಟ್ಟಿಯಾಗುತ್ತದೆ. ಜೋಳದ ರೊಟ್ಟಿ ತಿನ್ನಿ, ಜೊತೆಗೆ ಸೊಪ್ಪು, ಕಾಳು, ಮಜ್ಜಿಗೆ ಇರಲಿ. ಖಾರದಿಂದ ಮೊಳೆ ಬೆಳೆಯುತ್ತದೆ ಎನ್ನಲು ಆಧಾರವಿಲ್ಲ, ಆದರೆ ಹಸಿ ಹುಣ್ಣಿನ ಮೇಲೆ ಅದು ಉರಿಯುತ್ತದೆ, ಅದಕ್ಕಾಗಿ ಎರಡು ವಾರ ಬಜ್ಜಿ ಬೇಡ. ಸಂಡಾಸಿನಲ್ಲಿ ಐದು ನಿಮಿಷಕ್ಕಿಂತ ಹೆಚ್ಚು ಕೂರಬೇಡಿ, ಮೊಬೈಲ್ ಹೊರಗಿರಲಿ.

ಒಂದು ತಿಂಗಳು ಬಿಟ್ಟು ಅವರು ಮತ್ತೆ ಬರಬೇಕು. ಎಲ್ಲ ಮೊಳೆಗಳಿಗೂ ಒಂದೇ ಸಲ ಬ್ಯಾಂಡ್ ಹಾಕುವುದಿಲ್ಲ, ಹೆಚ್ಚು ಬಳೆ ಹಾಕಿದಷ್ಟೂ ನೋವು ಹೆಚ್ಚು. ಉಳಿದದ್ದಕ್ಕೆ ನಾಲ್ಕರಿಂದ ಆರು ವಾರದ ನಂತರ ಮತ್ತೊಮ್ಮೆ ಹಾಕಬೇಕಾಗಬಹುದು. ಮತ್ತೆ ಹಾಕಿಸಿಕೊಳ್ಳಬೇಕಾಯಿತು ಎಂದರೆ ಮೊದಲನೆಯದು ಕೆಟ್ಟಿತು ಎಂದಲ್ಲ. ಆ ಭೇಟಿಗೆ ಇನ್ನೊಂದು ಕಾರಣವೂ ಇದೆ. ಹುಣ್ಣು ಮಾಯುವಷ್ಟು ಕಾಲ ಕಳೆದ ಮೇಲೂ ರಕ್ತ ಬರುತ್ತಿದ್ದರೆ, ಮಲದೊಳಗೆ ಬೆರೆತು ಬರುತ್ತಿದ್ದರೆ, ತೂಕ ಇಳಿಯುತ್ತಿದ್ದರೆ, ಮಲದ ರೀತಿ ಬದಲಾಗಿದ್ದರೆ ರಕ್ತದ ಮೂಲ ಮೊಳೆಯಲ್ಲ, ಕರುಳಿನ ಮೇಲ್ಭಾಗದಲ್ಲಿರಬಹುದು. ಆಗ ಮೂರನೆಯ ಸಲ ಬ್ಯಾಂಡ್ ಕೇಳಬೇಡಿ, ದುರ್ಬೀನಿನಿಂದ ದೊಡ್ಡ ಕರುಳನ್ನು ಪೂರ್ತಿ ಪರೀಕ್ಷಿಸಿ ಎಂದು ಕೇಳಿ.